ಪಠ್ಯಪುಸ್ತಕದ ಫೋಟೋದಲ್ಲಿ ಬಣ್ಣ, ಅಡಿಗೆರೆ, ಸುತ್ತು: ಟೈಪ್ ಮಾಡುವಾಗ ಇವನ್ನೂ ಬರೆಯಬೇಕೇ?

ಒಬ್ಬರು ಓದಿ ಬಳಸಿದ ಪಠ್ಯಪುಸ್ತಕದ ಪುಟವೊಂದರ ಫೋಟೋ ನಿಮ್ಮ ಮುಂದಿದೆ. ಕೇಳಿರುವುದು ಬರಿಯ ಪಠ್ಯಪ್ರತಿ. ಅಂದರೆ ಪುಟದಲ್ಲಿರುವ ಮಾತುಗಳನ್ನು ಇದ್ದ ಹಾಗೆ ಟೈಪ್ ಮಾಡಿಕೊಡುವುದು, ಅಷ್ಟೇ. ಆದರೆ ಪುಟದ ತುಂಬ ಹಳದಿ ಬಣ್ಣ, ಪೆನ್ನಿನ ಗೆರೆಗಳು, ಅಲ್ಲೊಂದು ಇಲ್ಲೊಂದು ಸುತ್ತು. ಇಲ್ಲಿ ಹುಟ್ಟುವ ಪ್ರಶ್ನೆಗಳಿಗೆ ಕೆಳಗೆ ಉತ್ತರಗಳಿವೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಗುರುತುಗಳನ್ನು ಬರೆಯಬೇಕೇ, ಬೇಡವೇ?

ಓದುಗರು ಹಾಕಿಕೊಂಡ ಗುರುತು ಬೇಡ. ಅಚ್ಚಿನಲ್ಲೇ ಬಂದಿರುವ ಗುರುತನ್ನು ಪುಟದ ಬೇರೊಂದು ಮಾತು ನೆಚ್ಚಿಕೊಂಡಿದ್ದರೆ, ಅದು ಬೇಕೇ ಬೇಕು.

ಓದುಗರ ಗುರುತನ್ನು ಬಿಡುವುದೇಕೆ? ಬರೆದರೆ ಏನು ನಷ್ಟ?

ಪಠ್ಯಪ್ರತಿಯನ್ನು ಓದುವವರ ಮುಂದೆ ಫೋಟೋ ಇರುವುದಿಲ್ಲ. ಅವರಿಗೆ ಕಾಣುವುದು ಅಕ್ಷರ ಮಾತ್ರ. ಹಳದಿ ಬಳಿದ ವಾಕ್ಯವನ್ನು ನೀವು ದಪ್ಪಕ್ಷರದಲ್ಲಿ ಕೊಟ್ಟರೆ, ಆ ಒತ್ತು ಪುಸ್ತಕ ಬರೆದವರದೇ ಎಂದು ಅವರು ತಿಳಿಯುತ್ತಾರೆ. ಹಾಗೆ ತಿಳಿಯದೆ ಅವರಿಗೆ ಬೇರೆ ದಾರಿಯೂ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಆತುರದಲ್ಲಿ ಬಳಿದ ಬಣ್ಣಕ್ಕೆ ಲೇಖಕರ ಮುದ್ರೆ ಬಿದ್ದಂತಾಗುತ್ತದೆ. ವಿದ್ವತ್ ಬರಹಗಳಲ್ಲಿ ಬೇರೆಯವರ ಮಾತನ್ನು ಉದ್ಧರಿಸುವಾಗ ಒಂದು ಪದವನ್ನು ಎತ್ತಿ ತೋರಿಸಬೇಕಾದರೆ ‘ಒತ್ತು ನನ್ನದು’ ಎಂದು ಪಕ್ಕದಲ್ಲಿ ಬರೆಯುವ ರೂಢಿ ಇರುವುದು ಈ ಗೊಂದಲ ಆಗಬಾರದೆಂದೇ.

ಇನ್ನೊಂದು ತೊಂದರೆ ಬಳಕೆಯದು. ಪ್ರತಿ ಎರಡನೆಯ ಸಾಲಿನಲ್ಲಿ ‘ಹಳದಿ ಶುರು’, ‘ಹಳದಿ ಮುಗಿಯಿತು’ ಎಂದು ಬರುತ್ತಿದ್ದರೆ ಪಾಠವನ್ನು ಓದುವುದೇ ಕಷ್ಟ. ಬಳಸುವವರು ಕೊನೆಗೆ ಕೂತು ಅವನ್ನೆಲ್ಲ ಅಳಿಸಬೇಕಾಗುತ್ತದೆ. ಅಳಿಸುವ ಭರದಲ್ಲಿ ನಡುವಿನ ಒಂದು ಪದವೂ ಹೋಗಿಬಿಡಬಹುದು.

ಹಾಗೆಂದು ಗುರುತುಗಳಿದ್ದವು ಎಂಬುದನ್ನೇ ಮುಚ್ಚಿಡಬೇಕಿಲ್ಲ. ಪ್ರತಿಯ ಮೇಲೋ ಕೆಳಗೋ ಒಂದು ಸಾಲು ಸಾಕು: ‘ಮೂಲ ಫೋಟೋದಲ್ಲಿ ಓದುಗರು ಹಾಕಿದ ಬಣ್ಣ ಮತ್ತು ಗೆರೆಗಳಿವೆ, ಇಲ್ಲಿ ಸೇರಿಸಿಲ್ಲ.’ ಯಾರಿಗಾದರೂ ಅವು ಬೇಕಿದ್ದರೆ ಫೋಟೋ ಕೇಳಿ ಪಡೆಯುತ್ತಾರೆ. ಪ್ರತಿ ನಿಮ್ಮ ಸ್ವಂತ ಓದಿಗೆ ಮಾತ್ರ ಎಂದಾದರೆ ಈ ಸಾಲೂ ಬೇಡ.

ಗೆರೆ ಅಚ್ಚಿನದೋ ಕೈಯದೋ ಎಂದು ಫೋಟೋ ನೋಡಿ ಹೇಳುವುದು ಹೇಗೆ?

ಮನಸ್ಸಿನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇದೇ ಪುಸ್ತಕದ ಬಳಸದ ಪ್ರತಿಯೊಂದನ್ನು ತೆರೆದರೆ ಈ ಗುರುತು ಅಲ್ಲಿಯೂ ಇರುತ್ತದೆಯೇ? ಹೊಸ ಪ್ರತಿ ಕೈಗೆ ಸಿಗುವುದು ಅಪರೂಪ. ಹಾಗಾಗಿ ಫೋಟೋವನ್ನೇ ಹಿಗ್ಗಿಸಿ ನೋಡಬೇಕು.

ಅಚ್ಚಿನ ಅಡಿಗೆರೆಯ ದಪ್ಪ ಮೊದಲಿನಿಂದ ಕೊನೆಯವರೆಗೆ ಒಂದೇ. ಅಕ್ಷರಗಳಿಂದ ಅದರ ದೂರವೂ ಒಂದೇ. ಪದ ಶುರುವಾದಲ್ಲಿ ಶುರುವಾಗಿ, ಮುಗಿದಲ್ಲಿ ಮುಗಿಯುತ್ತದೆ. ಪುಟವನ್ನು ಓರೆಯಾಗಿ ಹಿಡಿದು ಫೋಟೋ ತೆಗೆದಿದ್ದರೆ ಸಾಲು ಓರೆಯಾದಷ್ಟೇ ಗೆರೆಯೂ ಓರೆಯಾಗಿರುತ್ತದೆ. ಕೈಯ ಗೆರೆ ಹಾಗಲ್ಲ. ಅದು ಪದಕ್ಕಿಂತ ಒಂದಿಷ್ಟು ಮೊದಲೇ ಹೊರಡುತ್ತದೆ, ಮುಗಿಯುವಲ್ಲಿ ಪಕ್ಕದ ಪದದ ಕೆಳಗೂ ಜಾರುತ್ತದೆ, ಒತ್ತಕ್ಷರ ಅಡ್ಡ ಬಂದರೆ ಅದನ್ನು ಸೀಳಿಕೊಂಡು ಹೋಗುತ್ತದೆ. ಅಡಿಪಟ್ಟಿ ಇಟ್ಟು ಎಳೆದಿದ್ದರೂ ಈ ತುದಿಗಳಲ್ಲಿ ಗುಟ್ಟು ಬಯಲಾಗುತ್ತದೆ.

ಬಣ್ಣದ ವಿಚಾರದಲ್ಲಿ ನೋಡಬೇಕಾದದ್ದು ಕಲೆಯ ಅಂಚನ್ನು. ಹೈಲೈಟರ್ ಇಟ್ಟ ಜಾಗದಲ್ಲಿ ಮತ್ತು ಎತ್ತಿದ ಜಾಗದಲ್ಲಿ ಶಾಯಿ ನಿಂತು ಬಣ್ಣ ಗಾಢವಾಗಿರುತ್ತದೆ. ಎರಡು ಎಳೆತ ಒಂದರ ಮೇಲೊಂದು ಬಿದ್ದಲ್ಲಿ ಇನ್ನೂ ಗಾಢ ಪಟ್ಟಿ ಕಾಣುತ್ತದೆ. ಅಚ್ಚಿನ ಬಣ್ಣದ ಪಟ್ಟಿ ಎಲ್ಲೆಡೆ ಒಂದೇ ಸಮ, ಮೂಲೆಗಳು ನೇರ. ಇನ್ನು ಮಸುಕಾದ ಬಣ್ಣದ ಕಲೆ ಅಕ್ಷರಗಳ ಸಾಲಿಗೂ ತನಗೂ ಸಂಬಂಧವೇ ಇಲ್ಲದಂತೆ ಕಂಡರೆ, ಅದು ಹಾಳೆಯ ಹಿಂಬದಿಯಿಂದ ಇಳಿದು ಬಂದದ್ದು. ಅದನ್ನು ಲೆಕ್ಕಕ್ಕೇ ಇಡಬೇಡಿ.

ಹೆಚ್ಚು ಮೋಸ ಮಾಡುವುದು ಜೆರಾಕ್ಸ್ ಪ್ರತಿಯ ಫೋಟೋ. ಹಿಂದೆ ಯಾರೋ ನೀಲಿ ಪೆನ್ನಿನಲ್ಲಿ ಎಳೆದ ಗೆರೆ ಜೆರಾಕ್ಸ್‌ನಲ್ಲಿ ಅಕ್ಷರದಷ್ಟೇ ಕಪ್ಪಾಗಿ ಕೂತಿರುತ್ತದೆ. ಅಲ್ಲಿ ಶಾಯಿಯ ಬಣ್ಣ ಏನನ್ನೂ ಹೇಳುವುದಿಲ್ಲ; ಗೆರೆಯ ತುದಿ ಮತ್ತು ಅಕ್ಷರದಿಂದ ಅದರ ದೂರ, ಇವೆರಡನ್ನೇ ನಂಬಬೇಕು.

ಒಂದು ಪುಟವನ್ನು ಹಿಡಿದು ತೋರಿಸಬಹುದೇ?

ವಿಜ್ಞಾನದ ಒಂದು ಪುಟವನ್ನು ಕಲ್ಪಿಸಿಕೊಳ್ಳಿ. ವಿಷಯ ಎಲೆಯ ಪತ್ರರಂಧ್ರಗಳು. ಅಚ್ಚಿನಲ್ಲಿರುವ ಪಾಠ ಹೀಗಿದೆ:

> ಎಲೆಯ ಮೇಲೆ ಬರಿಗಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ಇವೇ ಪತ್ರರಂಧ್ರಗಳು. ಅನೇಕ ಗಿಡಗಳಲ್ಲಿ ಇವು ಎಲೆಯ ಕೆಳಭಾಗದಲ್ಲಿ ಹೆಚ್ಚಾಗಿರುತ್ತವೆ. ಪ್ರತಿ ರಂಧ್ರದ ಎರಡು ಬದಿಗೆ ಎರಡು ಕಾವಲು ಕೋಶಗಳಿವೆ. ನೀರು ಹೀರಿ ಅವು ಉಬ್ಬಿದಾಗ ರಂಧ್ರ ತೆರೆಯುತ್ತದೆ. ನೀರು ಕಳೆದುಕೊಂಡು ಕುಗ್ಗಿದಾಗ ಮುಚ್ಚುತ್ತದೆ.

ಅದರ ಕೆಳಗೆ ಅಭ್ಯಾಸದ ಎರಡು ಪ್ರಶ್ನೆಗಳು. ಮೊದಲನೆಯದು: ‘ಅಡಿಗೆರೆ ಎಳೆದ ಪದವನ್ನು ಮಾತ್ರ ಬದಲಿಸಿ ವಾಕ್ಯವನ್ನು ಸರಿಪಡಿಸಿ: ಕಾವಲು ಕೋಶಗಳು ಉಬ್ಬಿದಾಗ ರಂಧ್ರ ಮುಚ್ಚುತ್ತದೆ.’ ಎರಡನೆಯದು ಪತ್ರರಂಧ್ರಗಳು ಹೆಚ್ಚಾಗಿ ಎಲ್ಲಿರುತ್ತವೆ ಎಂಬ ಬಹು ಆಯ್ಕೆಯ ಪ್ರಶ್ನೆ.

ಈಗ ಫೋಟೋದಲ್ಲಿ ಕಾಣುವ ಗುರುತುಗಳು. ಪಾಠದಲ್ಲಿ ‘ಪತ್ರರಂಧ್ರಗಳು’ ದಪ್ಪಕ್ಷರದಲ್ಲಿದೆ. ಕಾವಲು ಕೋಶಗಳ ಬಗ್ಗೆ ಇರುವ ಮೂರೂ ವಾಕ್ಯಗಳಿಗೆ ಹಳದಿ ಬಳಿದಿದೆ. ‘ಕೆಳಭಾಗದಲ್ಲಿ’ ಎಂಬ ಪದಕ್ಕೆ ಪೆನ್ಸಿಲ್ ಸುತ್ತು. ಮೊದಲ ಪ್ರಶ್ನೆಯಲ್ಲಿ ಎರಡು ಅಡಿಗೆರೆಗಳಿವೆ: ‘ಉಬ್ಬಿದಾಗ’ ಎಂಬುದರ ಕೆಳಗೊಂದು, ‘ಮುಚ್ಚುತ್ತದೆ’ ಎಂಬುದರ ಕೆಳಗೊಂದು. ಎರಡನೆಯ ಪ್ರಶ್ನೆಯಲ್ಲಿ ‘ಇ’ ಆಯ್ಕೆಗೆ ಸುತ್ತು ಹಾಕಿದೆ.

ಹಳದಿ ಬಣ್ಣ ಮತ್ತು ಪೆನ್ಸಿಲ್ ಸುತ್ತು ಓದುಗರವು, ಅವನ್ನು ಬಿಟ್ಟುಬಿಡಿ. ‘ಇ’ ಆಯ್ಕೆಯ ಸುತ್ತು ಯಾರೋ ಕೊಟ್ಟ ಉತ್ತರ. ಅದನ್ನು ಪ್ರತಿಯಲ್ಲಿ ಉಳಿಸಿದರೆ ಪ್ರಶ್ನೆಯೊಳಗೇ ಉತ್ತರ ಕೂತಂತಾಗುತ್ತದೆ. ಇಲ್ಲಿ ಉತ್ತರ ಸರಿಯಾಗಿಯೇ ಇದೆ, ಆದರೆ ಮುಂದಿನ ಪುಟದ ಸುತ್ತು ತಪ್ಪು ಆಯ್ಕೆಯ ಮೇಲಿರಬಹುದು. ಆಗ ಆ ತಪ್ಪಿಗೆ ಪುಸ್ತಕವನ್ನು ಹೊಣೆ ಮಾಡಿದಂತಾಗುತ್ತದೆ.

ನಿಜವಾದ ಕಸರತ್ತು ಇರುವುದು ಮೊದಲ ಪ್ರಶ್ನೆಯಲ್ಲಿ. ಗೆರೆಯನ್ನು ಸುಮ್ಮನೆ ಬಿಟ್ಟು ಟೈಪ್ ಮಾಡಿದಿರಿ ಎನ್ನೋಣ. ಉತ್ತರಿಸುವವರು ‘ಉಬ್ಬಿದಾಗ’ ಎಂಬುದನ್ನು ‘ಕುಗ್ಗಿದಾಗ’ ಎಂದು ಬದಲಿಸಿದರೂ ವಾಕ್ಯ ಸರಿಯಾಗುತ್ತದೆ, ‘ಮುಚ್ಚುತ್ತದೆ’ ಎಂಬುದನ್ನು ‘ತೆರೆಯುತ್ತದೆ’ ಎಂದು ಬದಲಿಸಿದರೂ ಸರಿಯಾಗುತ್ತದೆ. ಎರಡೂ ವಿಜ್ಞಾನದ ದೃಷ್ಟಿಯಿಂದ ನಿಜ. ಪ್ರಶ್ನೆ ಕೇಳಿದವರಿಗೆ ಯಾವುದು ಬೇಕು ಎಂಬುದು ಗೆರೆಯಿಂದ ಮಾತ್ರ ಗೊತ್ತಾಗುತ್ತದೆ. ಅಂದರೆ ಈ ಗೆರೆ ಅಲಂಕಾರವಲ್ಲ, ಪ್ರಶ್ನೆಯ ಒಂದು ಭಾಗ. ಇದನ್ನು ಬಿಟ್ಟರೆ ಒಂದು ಪದವನ್ನೇ ಬಿಟ್ಟ ಹಾಗೆ.

ಎರಡು ಗೆರೆಗಳಲ್ಲಿ ಅಚ್ಚಿನದು ಯಾವುದು? ಪ್ರಶ್ನೆ ‘ಪದವನ್ನು’ ಎನ್ನುತ್ತದೆ, ‘ಪದಗಳನ್ನು’ ಎನ್ನುವುದಿಲ್ಲ. ಆದ್ದರಿಂದ ಒಂದು ಗೆರೆ ಹೊರಗಿನದು. ಹಿಗ್ಗಿಸಿ ನೋಡಿದರೆ ‘ಉಬ್ಬಿದಾಗ’ ಎಂಬುದರ ಕೆಳಗಿನ ಗೆರೆ ‘ಬ್ಬಿ’ಯ ಒತ್ತನ್ನು ಅಡ್ಡ ಕತ್ತರಿಸಿ, ‘ರಂಧ್ರ’ದ ಅಂಚಿನವರೆಗೂ ಜಾರಿದೆ. ‘ಮುಚ್ಚುತ್ತದೆ’ ಎಂಬುದರ ಗೆರೆ ಒತ್ತುಗಳಿಗಿಂತ ಕೆಳಗೆ, ನೇರವಾಗಿ, ಪದದಷ್ಟೇ ಉದ್ದವಾಗಿದೆ. ಅಚ್ಚಿನದು ಅದೇ. ಹಾಗಾಗಿ ಪ್ರತಿ ಹೀಗಾಗುತ್ತದೆ:

> 1. ಅಡಿಗೆರೆ ಎಳೆದ ಪದವನ್ನು ಮಾತ್ರ ಬದಲಿಸಿ ವಾಕ್ಯವನ್ನು ಸರಿಪಡಿಸಿ: ಕಾವಲು ಕೋಶಗಳು ಉಬ್ಬಿದಾಗ ರಂಧ್ರ ಮುಚ್ಚುತ್ತದೆ. [ಅಡಿಗೆರೆ ಇರುವುದು: ಮುಚ್ಚುತ್ತದೆ]
>
> 2. ಪತ್ರರಂಧ್ರಗಳು ಹೆಚ್ಚಾಗಿ ಎಲ್ಲಿರುತ್ತವೆ?
> ಅ) ಬೇರಿನಲ್ಲಿ ಆ) ಎಲೆಯ ಮೇಲ್ಭಾಗದಲ್ಲಿ ಇ) ಎಲೆಯ ಕೆಳಭಾಗದಲ್ಲಿ ಈ) ಬೀಜದಲ್ಲಿ

ಎರಡು ಗೆರೆಗಳೂ ಒಂದೇ ಥರ ಕಂಡು ಯಾವುದು ಅಚ್ಚಿನದೆಂದು ತೀರ್ಮಾನಿಸಲು ಆಗದಿದ್ದರೆ, ಊಹೆಗೆ ಇಳಿಯದೆ ಎರಡನ್ನೂ ಹೇಳಿ: ‘[ಫೋಟೋದಲ್ಲಿ ಉಬ್ಬಿದಾಗ, ಮುಚ್ಚುತ್ತದೆ ಎರಡಕ್ಕೂ ಗೆರೆ ಇದೆ, ಒಂದು ಕೈಯದಿರಬಹುದು]’. ಓದುಗರ ಗುರುತು ಪಠ್ಯಪ್ರತಿಯೊಳಗೆ ಬರಲು ನಾನು ಒಪ್ಪುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಅಚ್ಚಿನ ದಪ್ಪಕ್ಷರವನ್ನು ಏನು ಮಾಡುವುದು?

ಬರಿಯ ಪಠ್ಯ ಎಂದು ಕೇಳಿದ್ದರೆ ದಪ್ಪಕ್ಷರ, ಓರೆ ಅಕ್ಷರಗಳನ್ನು ಬಿಡಬಹುದು. ಮೇಲಿನ ಪಾಠದಲ್ಲಿ ‘ಪತ್ರರಂಧ್ರಗಳು’ ದಪ್ಪವಾಗಿಲ್ಲದಿದ್ದರೂ ವಾಕ್ಯದ ಅರ್ಥ ಕೆಡುವುದಿಲ್ಲ. ‘ದಪ್ಪಕ್ಷರದಲ್ಲಿರುವ ಪದಗಳ ಅರ್ಥ ಬರೆಯಿರಿ’ ಎಂದು ಪಾಠದ ಕೊನೆಯಲ್ಲಿ ಕೇಳಿದ್ದರೆ ಮಾತ್ರ ಅವನ್ನು ತೋರಿಸಲೇಬೇಕು. ಆ ಸೂಚನೆ ಮುಂದಿನ ಪುಟದಲ್ಲಿರುವುದೂ ಉಂಟು. ಹಾಗಾಗಿ ಪಾಠ ಹಲವು ಫೋಟೋಗಳಲ್ಲಿ ಬಂದಿದ್ದರೆ ಟೈಪ್ ಮಾಡಲು ಕೂರುವ ಮೊದಲು ಅಭ್ಯಾಸದ ಪುಟವನ್ನು ಓದಿಬಿಡುವುದು ಒಳ್ಳೆಯದು.

ಬರಿಯ ಪಠ್ಯದಲ್ಲಿ ಅಡಿಗೆರೆ ಬರುವುದಿಲ್ಲವಲ್ಲ. ತೋರಿಸುವುದು ಹೇಗೆ?

ಮೇಲೆ ಮಾಡಿದಂತೆ ಚೌಕಾವರಣದಲ್ಲಿ ಮಾತಿನಲ್ಲೇ ಹೇಳುವುದು ನನಗೆ ಹೆಚ್ಚು ಸರಿ ಎನಿಸುತ್ತದೆ. ಚೌಕಾವರಣದೊಳಗಿನ ಮಾತು ಮೂಲದ್ದಲ್ಲ, ಪ್ರತಿ ಮಾಡಿದವರದು ಎಂಬ ರೂಢಿ ಹಳೆಯದು ಮತ್ತು ಬಹುತೇಕರಿಗೆ ಗೊತ್ತಿರುವುದು. ಪುಸ್ತಕವೇ ಚೌಕಾವರಣ ಬಳಸಿದ್ದರೆ ನಿಮ್ಮದು ಯಾವ ಆವರಣ ಎಂದು ಆರಂಭದಲ್ಲಿ ಹೇಳಿಬಿಡಿ.

ಪದದ ಎರಡೂ ಬದಿಗೆ ಕೆಳಗೀಟು ಇಡುವವರಿದ್ದಾರೆ, `_ಮುಚ್ಚುತ್ತದೆ_` ಎಂಬಂತೆ. ಚಿಕ್ಕದು, ಓದಲೂ ಸುಲಭ. ಆದರೆ ಚಿಹ್ನೆಗಳಿಂದಲೇ ಅಕ್ಷರದ ರೂಪ ಸೂಚಿಸುವ ಮಾರ್ಕ್‌ಡೌನ್ ಪದ್ಧತಿ ಬಳಸುವ ಕಡೆಗಳಲ್ಲಿ ಇದನ್ನು ಅಂಟಿಸಿದರೆ ಗೀಟುಗಳು ಮಾಯವಾಗಿ ಪದ ಓರೆ ಅಕ್ಷರಕ್ಕೆ ತಿರುಗುತ್ತದೆ. ‘ಅಡಿಗೆರೆ ಎಳೆದ ಪದ’ ಎಂದು ಪ್ರಶ್ನೆ ಕೇಳುತ್ತಿರುತ್ತದೆ, ಗೆರೆಯೇ ಇರುವುದಿಲ್ಲ.

ಯುನಿಕೋಡ್‌ನಲ್ಲಿ ಅಕ್ಷರದ ಕೆಳಗೆ ಕೂರುವ ಗೆರೆಯ ಚಿಹ್ನೆಯೊಂದು ಪ್ರತ್ಯೇಕವಾಗಿಯೇ ಇದೆ, `U+0332`. ಕನ್ನಡಕ್ಕೆ ಅದನ್ನು ಬಳಸಬೇಡಿ ಎನ್ನುತ್ತೇನೆ. ನಮ್ಮ ಲಿಪಿಯಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ಎಲ್ಲ ಸೇರಿ ಒಂದು ಅಕ್ಷರವಾಗಿ ಕೂರುತ್ತವೆ. ಅವುಗಳ ನಡುವೆ ಈ ಗೆರೆ ನುಗ್ಗಿದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬಹುದು, ಪದವನ್ನು ಹುಡುಕಿದರೆ ಸಿಗದೆಯೂ ಹೋಗಬಹುದು.

ಬಣ್ಣ ಅಥವಾ ಗೆರೆಯ ಕೆಳಗಿನ ಅಕ್ಷರವೇ ಸರಿಯಾಗಿ ಕಾಣದಿದ್ದರೆ?

ಇಲ್ಲಿ ಗುರುತು ಪಠ್ಯಪ್ರತಿಯ ವಿಷಯವಾಗುತ್ತದೆ. ಗುರುತನ್ನು ಬರೆಯಬೇಕೇ ಎಂಬುದು ಪಕ್ಕಕ್ಕೆ ಸರಿದು, ಅದು ಅಕ್ಷರವನ್ನು ಕದ್ದಿದೆಯೇ ಎಂಬುದು ಮುಂದೆ ಬರುತ್ತದೆ.

ಕನ್ನಡ ಲಿಪಿಯಲ್ಲಿ ಅಡಿಗೆರೆ ಮಾಡುವ ಹಾನಿ ಸಣ್ಣದಲ್ಲ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ವ್ಯತ್ಯಾಸವಿರುವುದು ಅಕ್ಷರದ ಬುಡದಲ್ಲಿರುವ ಒಂದು ಚಿಕ್ಕ ಸೀಳಿನಲ್ಲಿ. ಪೆನ್ನಿನ ಗೆರೆ ಅಕ್ಷರಕ್ಕೆ ತಾಗಿಕೊಂಡು ಹೋದರೆ ಆ ಸೀಳು ಗೆರೆಯೊಳಗೆ ಸೇರಿಹೋಗುತ್ತದೆ. ‘ಧನ’ ಇದ್ದದ್ದು ‘ದನ’ವಾಗುತ್ತದೆ. ಒತ್ತಕ್ಷರಗಳ ಪಾಡು ಇನ್ನೂ ಕಷ್ಟ, ಏಕೆಂದರೆ ಅವು ಗೆರೆ ಹಾಯುವ ಜಾಗದಲ್ಲೇ ಕೂತಿರುತ್ತವೆ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ‘ಎಲ್ಲೆ’ಯನ್ನು ಆತುರದಲ್ಲಿ ‘ಎಲೆ’ ಎಂದು ಓದುವುದು ಸುಲಭ. ಸಸ್ಯಗಳ ಪಾಠದಲ್ಲಿ ಅಂಥ ತಪ್ಪು ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ಪುಟದ ತುಂಬ ಎಲೆಗಳೇ. ಸುತ್ತಿನಿಂದ ಬರುವ ತೊಂದರೆ ಬೇರೆ ಥರದ್ದು: ಸುತ್ತಿನ ಕೊನೆಯಲ್ಲಿ ಪೆನ್ನು ತಿರುಗಿ ಪುಟ್ಟ ಕುಣಿಕೆಯಾದರೆ ಅದು ಅನುಸ್ವಾರದಂತೆ ಕಾಣುತ್ತದೆ.

ಬಣ್ಣದಿಂದಾಗುವ ತೊಂದರೆಗೆ ಉಪಾಯವಿದೆ. ಹೊಳೆಯುವ ಹಳದಿ ಕಪ್ಪು ಬಿಳುಪಿಗೆ ತಿರುಗಿಸಿದಾಗ ಹೆಚ್ಚು ಕಡಿಮೆ ಬಿಳಿಯೇ ಆಗುತ್ತದೆ. ಅಚ್ಚ ಬಿಳಿಯ ಹೊಳಪು 255 ಎಂದಾದರೆ, ಪರದೆಯ ಶುದ್ಧ ಹಳದಿಗೆ ಸಾಮಾನ್ಯ ಸೂತ್ರದಲ್ಲಿ ಸಿಗುವುದು ಸುಮಾರು 226. ಅದಕ್ಕೇ ಹಳದಿ ಬಳಿದ ಪುಟ ಅಷ್ಟಾಗಿ ಕಾಡುವುದಿಲ್ಲ. ಗುಲಾಬಿ ಬಣ್ಣ ಬೂದು ಪಟ್ಟಿಯಾಗಿ ಉಳಿಯುತ್ತದೆ. ಆಗ ಫೋಟೋ ತಿದ್ದುವ ತಂತ್ರಾಂಶದಲ್ಲಿ ಕೆಂಪು ಚಾನೆಲ್, ಅಂದರೆ ಚಿತ್ರದ ಕೆಂಪು ಬೆಳಕಿನ ಪಾಲು, ಒಂದನ್ನೇ ತೆರೆದು ನೋಡಿ. ಹಳದಿ, ಕಿತ್ತಳೆ, ಗುಲಾಬಿ ಮೂರರಲ್ಲೂ ಕೆಂಪಿನ ಪಾಲು ಹೆಚ್ಚಿರುವುದರಿಂದ ಅವು ಬಿಳಿ ಹಾಳೆಯೊಂದಿಗೆ ಬೆರೆತುಹೋಗಿ ಕಪ್ಪು ಅಕ್ಷರ ಮಾತ್ರ ಉಳಿಯುತ್ತದೆ. ಹಸಿರು ಹೈಲೈಟರ್‌ಗೆ ಹಸಿರು ಚಾನೆಲ್, ನೀಲಿಗೆ ನೀಲಿ. ಕಪ್ಪು ಪೆನ್ನಿನ ಗೆರೆಗೆ ಇದ್ಯಾವುದೂ ನಡೆಯುವುದಿಲ್ಲ. ಮೂರು ಚಾನೆಲ್‌ಗಳಲ್ಲೂ ಅದು ಕಪ್ಪಗೇ ಇರುತ್ತದೆ.

ಎಲ್ಲ ಮಾಡಿದರೂ ಓದಲಾಗದಿದ್ದರೆ ಆ ಜಾಗದಲ್ಲಿ ‘[ಪೆನ್ನಿನ ಗೆರೆಯಿಂದ ಒಂದು ಪದ ಓದಲಾಗಿಲ್ಲ]’ ಎಂದು ಬರೆಯಿರಿ. ಅನುಮಾನವಷ್ಟೇ ಇದ್ದರೆ ‘ಎಲ್ಲೆ [?]’ ಎಂದರಾಯಿತು. ಅಂದಾಜಿನಲ್ಲಿ ತುಂಬಿಸಿ ಸುಮ್ಮನಾಗುವುದು ಮಾತ್ರ ಕೂಡದು.

ಗಣಿತದ ಪುಟಕ್ಕೂ ಇದೇ ನಿಯಮವೇ?

ನಿಯಮ ಅದೇ, ಅಪಾಯ ಹೆಚ್ಚು. ಗಣಿತದಲ್ಲಿ ಗೆರೆಗೂ ಸೊನ್ನೆಗೂ ಅರ್ಥವಿದೆ. 3ರ ಪಕ್ಕದಲ್ಲಿ ಸುತ್ತಿನ ಬಾಗು ಬಂದರೆ 30 ಎನಿಸಬಹುದು. ಮೇಲಿನ ಸಾಲಿಗೆ ಎಳೆದ ಅಡಿಗೆರೆ ಕೆಳಗಿನ ಸಾಲಿನ 0.3ರಲ್ಲಿ 3ರ ನೆತ್ತಿಯ ಮೇಲೆ ಕೂತರೆ ಅದು ಆವರ್ತ ದಶಮಾಂಶದ ಗೆರೆಯಂತೆ ಕಾಣುತ್ತದೆ, ಅಂದರೆ 3/10 ಇದ್ದದ್ದು 1/3 ಆಗಿಬಿಡುತ್ತದೆ. ಇಲ್ಲಿ ಕಣ್ಣಿಗಿಂತ ಲೆಕ್ಕ ಹೆಚ್ಚು ನಂಬಿಕೆಯ ಸಾಕ್ಷಿ. ಮುಂದಿನ ಹಂತದಲ್ಲಿ 0.3 × 2 = 0.6 ಎಂದಿದ್ದು 6ರ ಮೇಲೆ ಯಾವ ಗೆರೆಯೂ ಇಲ್ಲದಿದ್ದರೆ, 3ರ ಮೇಲಿನದು ಮೇಲಿನ ಸಾಲಿನಿಂದ ಬಂದ ಪೆನ್ನಿನ ಗೆರೆ.

ಅಚ್ಚಿನ ಪದವನ್ನು ಪೆನ್ನಿನಲ್ಲಿ ಹೊಡೆದುಹಾಕಿ ಬೇರೆ ಬರೆದಿದ್ದರೆ?

ಹೊಡೆದುಹಾಕಿದರೂ ಅಚ್ಚಿನ ಪದ ಅಚ್ಚಿನದೇ. ಓದಲು ಬರುವಷ್ಟು ಕಾಲ ಅದನ್ನೇ ಟೈಪ್ ಮಾಡಬೇಕು. ಆದರೆ ಇಂಥ ತಿದ್ದುಪಡಿಯನ್ನು ಹಳದಿ ಬಣ್ಣದಂತೆ ಸದ್ದಿಲ್ಲದೆ ಬಿಡಲು ನನಗೆ ಮನಸ್ಸಾಗುವುದಿಲ್ಲ, ಏಕೆಂದರೆ ಅಚ್ಚಿನ ದೋಷವನ್ನು ತರಗತಿಯಲ್ಲಿ ಶಿಕ್ಷಕರೇ ತಿದ್ದಿಸಿರಬಹುದು. ಅದೇ ಪತ್ರರಂಧ್ರದ ಪಾಠದಲ್ಲಿ ‘ರಂಧ್ರಗಳ ಮೂಲಕ CO ಒಳಗೆ ಹೋಗುತ್ತದೆ’ ಎಂದು ಅಚ್ಚಾಗಿ, ಯಾರೋ ಪಕ್ಕದಲ್ಲಿ ಪುಟ್ಟ 2 ಸೇರಿಸಿದ್ದಾರೆ ಎನ್ನೋಣ. ದ್ಯುತಿಸಂಶ್ಲೇಷಣೆಗೆ ಎಲೆ ತೆಗೆದುಕೊಳ್ಳುವುದು ಇಂಗಾಲದ ಡೈಆಕ್ಸೈಡ್, ಅಂದರೆ CO₂. ಕೈಬರಹವೇ ಸರಿ. ಆದರೂ ಪ್ರತಿಯಲ್ಲಿ ನೇರವಾಗಿ CO₂ ಎಂದು ಬರೆದರೆ ಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎಂದಂತಾಗುತ್ತದೆ. ‘CO [ಹೀಗೇ ಅಚ್ಚಾಗಿದೆ, ಕೈಬರಹದಲ್ಲಿ CO₂ ಎಂದು ತಿದ್ದಿದೆ]’ ಎಂದರೆ ಓದುವವರಿಗೂ ದಾರಿ ತಪ್ಪುವುದಿಲ್ಲ, ಪ್ರತಿಯೂ ಮೂಲಕ್ಕೆ ನಿಷ್ಠವಾಗಿರುತ್ತದೆ.

ಅಂಚಿನಲ್ಲಿ ‘ಮುಖ್ಯ’, ‘5 ಅಂಕ’ ಎಂದೆಲ್ಲ ಬರೆದಿದೆ.

ಬಿಡಿ. ಕೇಳಿದವರು ಬೇಕೆಂದರೆ ಪ್ರತಿಯ ಕೊನೆಯಲ್ಲಿ ‘ಅಂಚಿನ ಕೈಬರಹ’ ಎಂಬ ತಲೆಬರಹದ ಕೆಳಗೆ ಬೇರೆಯಾಗಿ ಕೊಡಿ. ಪಾಠದ ನಡುವೆ ಬೆರೆಸಬೇಡಿ.

‘ಹೈಲೈಟ್ ಮಾಡಿರುವುದನ್ನು ಮಾತ್ರ ಟೈಪ್ ಮಾಡಿ’ ಎಂದು ಕೇಳಿದರೆ?

ಅದು ಬೇರೆಯದೇ ಕೆಲಸ. ಅಲ್ಲಿ ಬಣ್ಣವೇ ಆದೇಶ. ತೊಡಕು ಬರುವುದು ಬಣ್ಣದ ತುದಿಯಲ್ಲಿ: ಹೈಲೈಟರ್ ಅರ್ಧ ಪದಕ್ಕೆ ನಿಂತಿರುತ್ತದೆ, ಇಲ್ಲವೇ ವಾಕ್ಯದ ಕೊನೆಯ ಎರಡು ಪದ ಮುಂದಿನ ಸಾಲಿಗೆ ಹೋಗಿದ್ದು ಅವಕ್ಕೆ ಬಣ್ಣ ತಾಗಿರುವುದಿಲ್ಲ. ಅರ್ಧ ಪದವನ್ನು ಪೂರ್ತಿ ಬರೆಯುವುದರಲ್ಲಿ ತಪ್ಪಿಲ್ಲ. ವಾಕ್ಯ ಪೂರ್ತಿಯಾಗಲು ಬೇಕಾದ, ಬಣ್ಣವಿಲ್ಲದ ಪದಗಳನ್ನು ಚೌಕಾವರಣದಲ್ಲಿ ಕೊಡಿ. ಕನ್ನಡದಲ್ಲಿ ಇದು ವಿಶೇಷವಾಗಿ ಮುಖ್ಯ, ಏಕೆಂದರೆ ‘ಇಲ್ಲ’, ‘ಅಲ್ಲ’, ‘ಬಾರದು’ ಎಂಬ ನಿಷೇಧವೆಲ್ಲ ಬರುವುದು ವಾಕ್ಯದ ತುದಿಯಲ್ಲಿ. ‘ರಾತ್ರಿ ಹೊತ್ತು ಎಲ್ಲ ಗಿಡಗಳ ಪತ್ರರಂಧ್ರಗಳು ಮುಚ್ಚಿರುತ್ತವೆ’ ಎಂಬಷ್ಟಕ್ಕೇ ಬಣ್ಣವಿದ್ದು, ಕೆಳಗಿನ ಸಾಲಿನ ‘ಎಂಬುದು ನಿಜವಲ್ಲ’ ಹೊರಗೆ ಉಳಿದಿದ್ದರೆ, ಬಣ್ಣವನ್ನು ಅಕ್ಷರಶಃ ಪಾಲಿಸಿದವರು ಪುಸ್ತಕಕ್ಕೆ ನೇರ ವಿರುದ್ಧವಾದ ಮಾತನ್ನು ಟೈಪ್ ಮಾಡಿರುತ್ತಾರೆ.

ಓದುಗರ ಗುರುತುಗಳೇ ಮುಖ್ಯವಾಗುವ ಸಂದರ್ಭ ಇಲ್ಲವೇ?

ಇದೆ. ಅಭ್ಯಾಸ ಪುಸ್ತಕದಲ್ಲಿ ‘ಸರಿಯುತ್ತರಕ್ಕೆ ಸುತ್ತು ಹಾಕಿ’ ಎಂದು ಅಚ್ಚಾಗಿದ್ದು, ವಿದ್ಯಾರ್ಥಿಯ ಉತ್ತರಗಳನ್ನು ನೋಡಲೆಂದೇ ಪ್ರತಿ ಮಾಡಿಸುತ್ತಿದ್ದರೆ ಸುತ್ತೇ ಉತ್ತರ. ಆಗ ‘[ಸುತ್ತು: ಇ]’ ಎಂದು ಬರೆಯಲೇಬೇಕು. ಓದುವ ಅಭ್ಯಾಸದ ಬಗ್ಗೆ ಸಂಶೋಧನೆ ಮಾಡುವವರಿಗೂ ಗುರುತುಗಳೇ ಬೇಕು. ಅಂಥ ಕೆಲಸಕ್ಕೆ ಬರಿಯ ಪಠ್ಯ ಸಾಲದು. ಹಸ್ತಪ್ರತಿ ಮತ್ತು ಹಳೆಯ ಪುಸ್ತಕಗಳ ಪ್ರತಿ ಮಾಡುವವರು ಬಳಸುವ ಟಿಇಐ ಎಂಬ ಗುರುತು ಪದ್ಧತಿಯಲ್ಲಿ ಮೂಲದಲ್ಲಿ ಬೇರೆ ಥರ ಕಾಣುವ ಮಾತಿಗೆ `<hi>`, ಸೇರಿಸಿದ ಮಾತಿಗೆ `<add>`, ಹೊಡೆದುಹಾಕಿದ್ದಕ್ಕೆ `<del>` ಎಂದು ಬೇರೆ ಬೇರೆ ಗುರುತುಗಳಿವೆ. ಯಾರ ಕೈಯದು ಎಂದು ಹೇಳಲು `hand` ಎಂಬುದೂ ಇದೆ.

ಕೈಬರಹವನ್ನು ಬೇರೆಯಾಗಿಟ್ಟು ಉಳಿಸಿದ್ದಕ್ಕೆ ಒಂದು ಪ್ರಸಿದ್ಧ ನಿದರ್ಶನ ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾನದು. ಪ್ರಾಚೀನ ಗ್ರೀಕ್ ಗಣಿತಜ್ಞ ಡಯೋಫ್ಯಾಂಟಸ್‌ನ ‘ಅರಿತ್ಮೆಟಿಕಾ’ ಗ್ರಂಥದ ತನ್ನ ಪ್ರತಿಯ ಅಂಚಿನಲ್ಲಿ 1637ರ ಸುಮಾರಿಗೆ ಆತ ಬರೆದದ್ದೇ ಮುಂದೆ ಫರ್ಮಾನ ಕೊನೆಯ ಪ್ರಮೇಯ ಎಂದು ಹೆಸರಾಯಿತು. ಆ ಪ್ರತಿ ಇಂದು ಉಳಿದಿಲ್ಲ. ಆತ ತೀರಿಕೊಂಡ ಮೇಲೆ ಮಗ ಸ್ಯಾಮ್ಯುಯೆಲ್ 1670ರಲ್ಲಿ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ. ತಂದೆಯ ಟಿಪ್ಪಣಿಗಳನ್ನು ಡಯೋಫ್ಯಾಂಟಸ್‌ನ ಮಾತಿನೊಳಗೆ ಬೆರೆಸದೆ, ಆಯಾ ಸಮಸ್ಯೆಯ ಬಳಿ ‘ಪಿಯರ್ ದ ಫರ್ಮಾ ಅವರ ಟಿಪ್ಪಣಿ’ ಎಂಬರ್ಥದ ಲ್ಯಾಟಿನ್ ತಲೆಬರಹ ಕೊಟ್ಟು ಬೇರೆಯಾಗಿ ಸೇರಿಸಿದ. ಯಾವುದು ಗ್ರಂಥ, ಯಾವುದು ಓದುಗನ ಕೈ ಎಂಬುದು ಆ ಪುಟದಲ್ಲಿ ಇಂದಿಗೂ ಸ್ಪಷ್ಟ.

ಪ್ರತಿಯನ್ನು ಪರದೆ ಓದುವ ತಂತ್ರಾಂಶದಲ್ಲಿ ಕೇಳಿಸಿಕೊಳ್ಳುವವರಿಗೆ ಬೇರೆ ಏನಾದರೂ ಮಾಡಬೇಕೇ?

ಬಣ್ಣವನ್ನಾಗಲಿ ಅಡಿಗೆರೆಯನ್ನಾಗಲಿ ಬರಿಯ ರೂಪವಾಗಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ವೆಬ್ ಪುಟದಲ್ಲಿ `<mark>` ಅಥವಾ `<u>` ಬಳಸಿದರೂ ಅನೇಕ ತಂತ್ರಾಂಶಗಳು ಅದನ್ನು ತಾವಾಗಿ ಹೇಳುವುದಿಲ್ಲ. ಕೇಳುವವರಿಗೆ ‘ಅಡಿಗೆರೆ ಎಳೆದ ಪದ’ ಎಂಬ ಪ್ರಶ್ನೆ ಕೇಳಿಸುತ್ತದೆ, ಪದ ಯಾವುದೆಂದು ಮಾತ್ರ ಗೊತ್ತಾಗುವುದಿಲ್ಲ. ಚೌಕಾವರಣದಲ್ಲಿ ಮಾತಿನಲ್ಲೇ ಹೇಳಿದ್ದು ಕಿವಿಗೂ ತಲುಪುತ್ತದೆ. ಅದನ್ನು ವಾಕ್ಯದ ನಡುವೆ ತುರುಕದೆ, ವಾಕ್ಯ ಮುಗಿದ ಮೇಲೆ ಇಡಿ: ಮೊದಲು ಇಡೀ ವಾಕ್ಯ ಕೇಳಿಸಲಿ, ಆಮೇಲೆ ಗೆರೆ ಎಲ್ಲಿತ್ತು ಎಂಬುದು.